ಸೋರುವ ಟೆರೇಸ್‌ಗೆ ಸಿಮೆಂಟ್ ಕೋಟಿಂಗಾ, ಪಿಯು ಕೋಟಿಂಗಾ? ಡಬ್ಬಿ ತರೋ ಮೊದಲು ಮಾಡಬೇಕಾದ ಎರಡು ಪರೀಕ್ಷೆ

ಇವತ್ತಿನ ಎಪಿಸೋಡ್ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕೇಳುಗರು ಪದೇ ಪದೇ ಕೇಳೋ ಪ್ರಶ್ನೆ ಬಗ್ಗೆ. ಮನೆ ಸ್ಲ್ಯಾಬ್ ಸೋರ್ತಾ ಇದೆ, ಅಂಗಡಿಯವರು ಒಬ್ಬರು ಸಿಮೆಂಟ್ ಕೋಟಿಂಗ್ ಅಂತಾರೆ, ಇನ್ನೊಬ್ಬರು ಪಿಯು, ಅಂದ್ರೆ ಪಾಲಿಯುರೆಥೇನ್ ಅಂತಾರೆ. ಯಾವುದು ಒಳ್ಳೇದು?

ನನ್ನ ಉತ್ತರ ಇಷ್ಟೇ: ಇದನ್ನ ಅಂಗಡಿಯಲ್ಲಿ ನಿರ್ಧಾರ ಮಾಡೋಕೆ ಆಗಲ್ಲ. ನಿಮ್ಮ ಸ್ಲ್ಯಾಬಿಗೇ ಎರಡು ಪ್ರಶ್ನೆ ಕೇಳಬೇಕು. ಬಿರುಕು ಅಲುಗಾಡ್ತಾ ಇದೆಯಾ? ಕಾಂಕ್ರೀಟ್ ಒಳಗೆ ಒಣಗಿದೆಯಾ?

ಯಾಕೆ ಈ ಎರಡೇ ಪ್ರಶ್ನೆ ಅನ್ನೋದಕ್ಕೆ ಹಳೆ ಮಣ್ಣಿನ ಮಾಳಿಗೆ ನೆನಪು ಮಾಡಿಕೊಳ್ಳಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹಾಕಿ ಬಡಿಯೋರು. ನೀರು ಬಿದ್ದಾಗ ಆ ಜಿಗುಟು ಮಣ್ಣು ಉಬ್ಬಿ ತನ್ನ ಸಣ್ಣ ಬಿರುಕನ್ನ ತಾನೇ ಮುಚ್ಚಿಕೊಳ್ತಿತ್ತು. ಕಾಂಕ್ರೀಟಿಗೆ ಆ ಗುಣ ಇಲ್ಲ. ಅದು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. 9 ಮೀಟರ್ ಉದ್ದದ ಸ್ಲ್ಯಾಬ್ 25 ಡಿಗ್ರಿ ಬಿಸಿ ಏರಿದ್ರೆ ಸುಮಾರು 2 ಮಿಲಿಮೀಟರ್ ಉದ್ದ ಆಗುತ್ತೆ. ನಮ್ಮ ಏಪ್ರಿಲ್ ಬಿಸಿಲಿಗೆ ಬರಿಗಾಲಲ್ಲಿ ಟೆರೇಸ್ ಹತ್ತಿದವರಿಗೆ ಅಷ್ಟು ಬಿಸಿ ದೊಡ್ಡ ಮಾತಲ್ಲ ಅಂತ ಗೊತ್ತು. ಈ ಎಳೆದಾಟ ಎಲ್ಲ ಸ್ಲ್ಯಾಬಿನಲ್ಲಿ ಮೊದಲೇ ಇರೋ ಬಿರುಕಿನ ಹತ್ತಿರ ಬಂದು ಸೇರುತ್ತೆ.

ಈಗ ಒಂದು ಮನೆ ತಗೊಳ್ಳೋಣ. ಆಲಮಟ್ಟಿ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಭಾಗ ಮುಳುಗೋದಾದಾಗ ಬೆಳೆದ ನವನಗರದಲ್ಲಿ ನಮ್ಮ ಕಾಕಾ ಅವರ ಮನೆ ಇದೆ. ಟೆರೇಸ್ 20 ಅಡಿ ಅಗಲ, 30 ಅಡಿ ಉದ್ದ. ಮಳೆ ಬಂದ್ರೆ ಹಾಲ್ ಛಾವಣಿಯಲ್ಲಿ ಒಂದು ಉದ್ದನೆ ಗೆರೆ ಒದ್ದೆ ಆಗ್ತಿತ್ತು, ಮಲಗೋ ಕೋಣೆಯ ಮೂಲೆಯಲ್ಲಿ ಒಂದು ಮಚ್ಚೆ ಬರ್ತಿತ್ತು. ಕಾಕಾ ಮೊದಲೇ ವಿಚಾರಿಸಿ ಬಂದಿದ್ರು. "ಎರಡು ಡಬ್ಬಿ ಬಳದ್ರ ಸಾಕಂತ ಹೇಳ್ಯಾನಪಾ ಅಂಗಡಿಯಾವ" ಅಂದ್ರು. ನಾನು, "ತಡೀರಿ ಕಾಕಾ, ಮೊದಲು ನೀರು ಎಲ್ಲಿಂದ ಇಳಿತೈತಿ ನೋಡೂಣು" ಅಂದೆ.

ನೀರಿನ ದಾರಿ ಹುಡುಕೋದು ಹೀಗೆ. ಟೆರೇಸಿನ ಒಂದು ಭಾಗಕ್ಕೆ ಮಣ್ಣಿನ ಸಣ್ಣ ಒಡ್ಡು ಕಟ್ಟಿ, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಕೆಳಗೆ ಒದ್ದೆ ಆದ್ರೆ ದಾರಿ ಆ ಭಾಗದಲ್ಲಿದೆ. ಆಗದಿದ್ರೆ ಮುಂದಿನ ಭಾಗ. ಕಾಕಾ ಮನೆಯಲ್ಲಿ ಮೂಲೆಯ ಮಚ್ಚೆಗೆ ಕಾರಣ ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬ್ ಕೂಡೋ ಜಾಗ. ಹಾಲಿನ ಗೆರೆಗೆ ಕಾರಣ ಮೇಲಿದ್ದ ಒಂದು ಅಡ್ಡ ಬಿರುಕು. ಟ್ಯಾಂಕ್ ಕೆಳಗೂ ಒದ್ದೆ ಇತ್ತು, ಆದ್ರೆ ಅದು ಮಳೆ ಇಲ್ಲದಾಗಲೂ ಇತ್ತು. ಬೇಸಿಗೆಯಲ್ಲೂ ಒದ್ದೆ ಇದ್ರೆ ಮಳೆಯನ್ನ ಬೈಬೇಡಿ, ಟ್ಯಾಂಕ್, ಪೈಪ್ ನೋಡಿ. ಅಲ್ಲಿ ಬಾಲ್ ವಾಲ್ವ್ ಕೆಟ್ಟು ಟ್ಯಾಂಕ್ ತುಂಬಿ ಹರೀತಿತ್ತು.

ಮೊದಲ ಪರೀಕ್ಷೆ ಬಿರುಕಿಗೆ. ಬಿರುಕಿನ ಎರಡೂ ದಂಡೆ ಕೂಡೋ ಹಾಗೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ತೆಳು ಪಟ್ಟಿ ಹಚ್ಚಿ, ಒಂದು ವಾರ ಬಿಡಿ. ಪಟ್ಟಿ ಸೀಳಿದ್ರೆ ಬಿರುಕು ಜೀವಂತ ಇದೆ, ದಿನಾ ತೆರೆದು ಮುಚ್ಚುತ್ತಿದೆ. ಸೀಳದಿದ್ರೆ ಅದು ಸತ್ತ ಬಿರುಕು. ಕಾಕಾ ಮನೆಯ ಪಟ್ಟಿ ನಾಲ್ಕನೇ ದಿನಕ್ಕೆ ಕೂದಲೆಳೆಯಷ್ಟು ಸೀಳಿತ್ತು.

ಎರಡನೇ ಪರೀಕ್ಷೆ ಒದ್ದೆಗೆ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ಸ್ಲ್ಯಾಬ್ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ. ಕಡಿಮೆ ಅಂದ್ರೂ 16 ಗಂಟೆ ಬಿಟ್ಟು ನೋಡಿ. ಹಾಳೆ ಕೆಳಗೆ ಬೆವರಿನ ಹನಿ ಇದ್ರೆ, ಅಥವಾ ಕಾಂಕ್ರೀಟ್ ಬಣ್ಣ ಕಪ್ಪಾಗಿದ್ರೆ, ಒಳಗೆ ಇನ್ನೂ ನೀರಿದೆ. ಒಂದೇ ಕಡೆ ಅಲ್ಲ, ಮೂರ್ನಾಲ್ಕು ಕಡೆ ಮಾಡಿ.

ಈಗ ಉತ್ತರ ತಾನಾಗೇ ಬರುತ್ತೆ. ಸಿಮೆಂಟ್ ಕೋಟಿಂಗ್ ಅಂದ್ರೆ ಪುಡಿ ಮತ್ತು ಹಾಲಿನಂಥ ಪಾಲಿಮರ್ ದ್ರವ ಕಲಸಿ ಬಳಿಯೋದು. ಅದು ತೇವ ಇರೋ ಕಾಂಕ್ರೀಟಿಗೂ ಹಿಡಿಯುತ್ತೆ, ನಿಜ ಹೇಳ್ಬೇಕಂದ್ರೆ ಅದಕ್ಕೆ ಸ್ವಲ್ಪ ತೇವ ಬೇಕೇ ಬೇಕು. ಆದ್ರೆ ಎಳೆದಾಟ ತಾಳೋ ಶಕ್ತಿ ಕಡಿಮೆ, ಜೀವಂತ ಬಿರುಕಿನ ಮೇಲೆ ಅದೂ ಬಿರಿಯುತ್ತೆ. ಪಿಯು ರಬ್ಬರಿನಂತೆ ಹಿಗ್ಗುತ್ತೆ, ಆದ್ರೆ ಅದಕ್ಕೆ ಒಣ ಸ್ಲ್ಯಾಬ್ ಬೇಕು. ಒಳಗೆ ನೀರಿದ್ರೆ ಮಧ್ಯಾಹ್ನದ ಬಿಸಿಲಿಗೆ ಅದು ಆವಿಯಾಗಿ, ಮೇಲಿನ ಪದರವನ್ನ ಗುಳ್ಳೆ ಎಬ್ಬಿಸುತ್ತೆ. ಗುಳ್ಳೆ ಒಡೆದ ದಿನ ಸೋರಿಕೆ ವಾಪಸ್.

ಅಂದ್ರೆ ಬಿರುಕು ಸತ್ತಿದೆ, ಸ್ಲ್ಯಾಬ್ ಒಣಗ್ತಾ ಇಲ್ಲ ಅಂದ್ರೆ ಸಿಮೆಂಟ್. ಬಿರುಕು ಜೀವಂತ, ಸ್ಲ್ಯಾಬ್ ಒಣ ಅಂದ್ರೆ ಪಿಯು. ಬಿರುಕೂ ಜೀವಂತ, ಒಳಗೂ ಒದ್ದೆ ಅಂದ್ರೆ ಕಾಯಬೇಕು. ಕಾಕಾ ಮನೆಯಲ್ಲಿ ವಾಲ್ವ್ ಸರಿ ಮಾಡಿಸಿ, ಮೂರು ವಾರ ಬಿಟ್ಟು, ಟ್ಯಾಂಕ್ ಹತ್ತಿರ ಮತ್ತೆ ಹಾಳೆ ಹಚ್ಚಿದ್ವಿ. ಬೆವರು ಇರಲಿಲ್ಲ. ಆಗ ಪಿಯು ಅಂತ ತೀರ್ಮಾನ ಆಯ್ತು. ಅದು ಮಾರ್ಚ್ ತಿಂಗಳು. ನಮ್ಮ ಕಡೆಗೆ ಫೆಬ್ರವರಿ, ಮಾರ್ಚ್ ಒಳ್ಳೇ ಕಾಲ: ಸ್ಲ್ಯಾಬ್ ಒಣಗಿರುತ್ತೆ, ಮೇ ತಿಂಗಳ ಬೆಂಕಿ ಇನ್ನೂ ಶುರುವಾಗಿರಲ್ಲ.

ಬಳಿಯೋದಕ್ಕಿಂತ ತಯಾರಿಯೇ ದೊಡ್ಡ ಕೆಲಸ. ಗೌಂಡಿ ಮೊದಲು ತಂತಿ ಬ್ರಷ್ಷಿನಿಂದ ಪಾಚಿ, ಹಳೇ ಸುಣ್ಣ, ಸಡಿಲ ಸಿಮೆಂಟ್ ಎಲ್ಲ ಕೆರೆದ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದ. ಟೊಳ್ಳು ಸದ್ದು ಬಂದಲ್ಲಿ ಒಡೆದು ಹೊಸ ಗಾರೆ ತುಂಬಿದ. ನೀರು ನಿಲ್ಲೋ ತಗ್ಗಿದ್ರೆ ಅದನ್ನೂ ಆಗಲೇ ತುಂಬಬೇಕು. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಪೈಪಿನ ಕಡೆಗೆ ಇರಬೇಕು. ಹೊಸ ಗಾರೆ ಪೂರ್ತಿ ಒಣಗೋವರೆಗೆ ಪಿಯು ಮುಟ್ಟಬಾರದು.

ಬಿರುಕನ್ನ ಕಟ್ಟಿಂಗ್ ಮಷಿನ್‌ನಿಂದ 10 ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ಕೊರೆದು ಪಿಯು ಸೀಲಂಟ್ ತುಂಬಿಸಿದ್ವಿ. ಕಾಕಾ ಗಾಬರಿಯಾಗಿ, "ಸಣ್ಣ ಬಿರುಕನ್ನ ದೊಡ್ಡದ ಮಾಡ್ತೀರೇನೋ?" ಅಂದ್ರು. ಕಾರಣ ಸರಳ. ಕೂದಲೆಳೆ ಬಿರುಕು 2 ಮಿಲಿಮೀಟರ್ ತೆರೆದ್ರೆ ಅದರ ಮೇಲಿನ ಪದರ ಒಂದೇ ಗೆರೆಯಲ್ಲಿ ಹರಿಯುತ್ತೆ. ಅದೇ 2 ಮಿಲಿಮೀಟರನ್ನ 10 ಮಿಲಿಮೀಟರ್ ಅಗಲದ ರಬ್ಬರ್ ಹಂಚಿಕೊಂಡ್ರೆ, ಅದು ಐದನೇ ಒಂದು ಭಾಗ ಮಾತ್ರ ಹಿಗ್ಗಬೇಕು.

ಪ್ಯಾರಾಪೆಟ್ ಮೂಲೆಯ ಚೂಪನ್ನ ಪಾಲಿಮರ್ ಗಾರೆಯಿಂದ ಎರಡು ಇಂಚಿನಷ್ಟು ಗುಂಡಗೆ ತಿರುಗಿಸಿದ್ವಿ. ಚೂಪು ಮೂಲೆಯಲ್ಲಿ ಕೋಟಿಂಗ್ ತೆಳುವಾಗಿ ಅಲ್ಲೇ ಮೊದಲು ಹರಿಯುತ್ತೆ. ಮೂಲೆಗೆ, ಪೈಪಿನ ಬಾಯಿಗೆ, ತುಂಬಿದ ಬಿರುಕಿಗೆ ಮೊದಲ ಕೋಟ್ ಹಸಿ ಇರುವಾಗಲೇ ಫೈಬರ್ ಜಾಲರಿ ಕೂರಿಸಬೇಕು.

ನಂತರ ಪ್ರೈಮರ್, ಆಮೇಲೆ ಎರಡು ಕೋಟ್. ಮೊದಲನೇದು ಉದ್ದಕ್ಕೆ, ಎರಡನೇದು ಅಡ್ಡಕ್ಕೆ. ನಡುವೆ ಎಷ್ಟು ಗಂಟೆ ಅನ್ನೋದನ್ನ ಡಬ್ಬಿ ಮೇಲೆ ಬರೆದಿರ್ತಾರೆ, ಅದನ್ನ ಮೀರಬೇಡಿ. ಪಿಯು ಬಳಿಯೋಕೆ ಸಂಜೆ ನಾಲ್ಕರ ನಂತರ ಒಳ್ಳೇದು. ಬೆಳಗ್ಗೆ ಬಳಿದ್ರೆ ಸ್ಲ್ಯಾಬ್ ಬಿಸಿಯೇರ್ತಾ ರಂಧ್ರಗಳ ಗಾಳಿ ಹಿಗ್ಗಿ ಹಸಿ ಪದರದಲ್ಲಿ ಸೂಜಿ ತೂತು ಮಾಡುತ್ತೆ. ಸಂಜೆ ಸ್ಲ್ಯಾಬ್ ತಣ್ಣಗಾಗ್ತಾ ಇರುತ್ತೆ, ಆ ಕಾಟ ಇಲ್ಲ. ಇಬ್ಬನಿ ಬೀಳೋ ದಿನ ಮಾತ್ರ ಬೇಡ. ಸಿಮೆಂಟ್ ಕೋಟಿಂಗ್ ಆಗಿದ್ರೆ ಸ್ಲ್ಯಾಬಿಗೆ ನೀರು ಚಿಮುಕಿಸಿ, ನಿಂತ ನೀರು ಒರೆಸಿ ಬಳಿಯಿರಿ. ಅದಕ್ಕೂ ನಡು ಮಧ್ಯಾಹ್ನ ಆಗಲ್ಲ. ಬಿಸಿಲಿಗೆ ನೀರು ಹಾರಿಹೋದ್ರೆ ಗಟ್ಟಿಯಾಗೋ ಬದಲು ಪುಡಿಯಾಗುತ್ತೆ. ಮರುದಿನ ಅಂಗೈ ಉಜ್ಜಿ ನೋಡಿ, ಬಿಳಿ ಪುಡಿ ಬಂದ್ರೆ ಆ ಭಾಗ ಕೆಟ್ಟಿದೆ.

ಈಗ ಆ ಎರಡು ಡಬ್ಬಿ ಲೆಕ್ಕ. ಟೆರೇಸ್ 600 ಚದರ ಅಡಿ. ಸುತ್ತಳತೆ 100 ಅಡಿ, ಪ್ಯಾರಾಪೆಟ್ ಮೇಲೆ ಒಂದು ಅಡಿ ಎತ್ತರ ಏರಿಸಬೇಕು, ಅದು 100 ಚದರ ಅಡಿ. ಒಟ್ಟು 700 ಚದರ ಅಡಿ, ಅಂದ್ರೆ 65 ಚದರ ಮೀಟರ್. ಪಿಯು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪ ನಿಲ್ಲಬೇಕಾದ್ರೆ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಬೇಕು. ಒಟ್ಟು ಸುಮಾರು 100 ಕಿಲೋ, 20 ಕಿಲೋದ ಐದು ಡಬ್ಬಿ. ಎರಡೇ ಡಬ್ಬಿ ಬಳಿದಿದ್ರೆ ಸಿಗ್ತಿದ್ದದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದು ಬಣ್ಣ, ವಾಟರ್‌ಪ್ರೂಫಿಂಗ್ ಅಲ್ಲ. ಸಿಮೆಂಟ್ ಕೋಟಿಂಗಿಗೂ ಎರಡು ಕೋಟಿಗೆ ಚದರ ಮೀಟರಿಗೆ ಸುಮಾರು ಎರಡು ಕಿಲೋ ಲೆಕ್ಕ ಇಡಿ. ಕಾಂಟ್ರಾಕ್ಟರ್ ಚದರ ಅಡಿ ರೇಟ್ ಹೇಳಿದಾಗ "ಎಷ್ಟು ಕಿಲೋ ಹಾಕ್ತೀರಿ?" ಅಂತ ಕೇಳಿ, ಖಾಲಿ ಡಬ್ಬಿ ನೀವೇ ಎಣಿಸಿ. ಕಡಿಮೆ ರೇಟಿನ ಗುಟ್ಟು ಬಹಳ ಸಲ ಇಲ್ಲೇ ಇರುತ್ತೆ.

ಇನ್ನು ಕೋಟಿಂಗ್ ಮಾಡಲಾರದ ಕೆಲಸ. ಇಳಕಲ್ ಕಡೆ ನಿಮ್ಮ ಟೆರೇಸಿಗೆ ಗ್ರಾನೈಟ್ ಚೂರು ಹಾಸಿದ್ರೆ, ನೀರು ಸಂದಿಯಲ್ಲಿ ಇಳಿದು ಕಲ್ಲಿನ ಕೆಳಗೇ ಹರಿದಾಡುತ್ತೆ, ಮೇಲೆ ಬಳಿದ್ರೆ ಅದು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ಬಿರುಕು ಸ್ಲ್ಯಾಬಿನಿಂದ ಗೋಡೆಗುಂಟ ಕೆಳಗಿಳಿದಿದ್ರೆ ತೊಂದರೆ ಬುನಾದಿಯಲ್ಲಿದೆ. ಮನೆಯೊಳಗೆ ಛಾವಣಿಯ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣ್ತಿದ್ರೆ ಯಾವ ಡಬ್ಬಿಯನ್ನೂ ತರಬೇಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನ ತುಂಡಾಗಿ ಬೀಳಿಸುತ್ತೆ. ಅದರ ಕೆಳಗೆ ಮಲಗೋದು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ.

ಕೆಲಸ ಮುಗಿದು ಒಂದು ವಾರ ಆದ್ಮೇಲೆ ಮತ್ತೆ ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ನೋಡಿ, ಆಮೇಲೆ ಉಳಿದ ಹಣ ಕೊಡಿ. ಈ ಮಾತು ಕೆಲಸ ಶುರುವಾಗೋ ಮೊದಲೇ ಆಗಿರಲಿ. ಪಿಯು ಮೇಲೆ ಮೆಣಸಿನಕಾಯಿ, ಜೋಳ ಒಣಗಿಸಬೇಕಾದ್ರೆ ತಾಡಪತ್ರಿ ಹಾಸಿ, ಕಬ್ಬಿಣದ ಮಂಚ ಎಳೆದಾಡಬೇಡಿ. ಒಂದು ತೂತು ಸಾಕು, ನೀರು ಅದನ್ನ ಹುಡುಕಿಕೊಂಡು ಬರುತ್ತೆ.