ಚುಕ್ಕಿ ದಾಟುವ ಗೆರೆ

ಸ್ಟುಡಿಯೋದಲ್ಲಿ ಕೇಳಿದಾಗ ಹಾಡು ಚೊಕ್ಕವಾಗಿತ್ತು. ಸ್ಟ್ರೀಮಿಂಗ್ ಆ್ಯಪ್ ಏರಿ ಫೋನಿಗೆ ಬಂದದ್ದೇ, ಪಲ್ಲವಿಯಲ್ಲಿ ಡ್ರಮ್ಮೂ ಗಾಯಕಿಯ ತಾರಸ್ಥಾಯಿಯೂ ಒಟ್ಟಿಗೆ ಬೀಳುವ ಕಡೆ ಚರ್ ಎಂದು ಹರಿದಂತೆ ಕೇಳುತ್ತದೆ. ಮಾಸ್ಟರಿಂಗ್ ಮಾಡಿದವರು ತಮ್ಮ ಮೀಟರ್ ತೋರಿಸುತ್ತಾರೆ: ಎಲ್ಲಿಯೂ ಸೊನ್ನೆ ಮುಟ್ಟಿಲ್ಲ, ಅತಿ ಎತ್ತರದ ಜಾಗವೂ ಮೈನಸ್ 0.1 ಡೆಸಿಬಲ್. ಮೀಟರ್ ಸುಳ್ಳಾಡಿಲ್ಲ. ಅದು ನೋಡಿದ್ದು ಚುಕ್ಕಿಗಳನ್ನು ಮಾತ್ರ.

ಡಿಜಿಟಲ್ ಧ್ವನಿಯೆಂದರೆ ಚುಕ್ಕಿ ರಂಗೋಲಿಯೇ. ಸೆಕೆಂಡಿಗೆ 44,100 ಚುಕ್ಕಿ. 16 ಬಿಟ್‌ನಲ್ಲಿ ಒಂದೊಂದು ಚುಕ್ಕಿಯೂ 32,767ರವರೆಗೆ ಏರಬಹುದು. ಆ ಚಾವಣಿಯೇ ಸೊನ್ನೆ ಡೆಸಿಬಲ್. ಆದರೆ ಸ್ಪೀಕರ್‌ಗೆ ಹೋಗುವುದು ಚುಕ್ಕಿಗಳಲ್ಲ, ಅವುಗಳ ನಡುವೆ ಬಳುಕುವ ಗೆರೆ. ರಂಗೋಲಿಯ ಗೆರೆ ಕೊನೆಯ ಸಾಲಿನ ಚುಕ್ಕಿಯನ್ನು ಬಳಸಿ ಆಚೆಗೆ ಉಬ್ಬುತ್ತದಲ್ಲ, ಹಾಗೆಯೇ ಈ ಗೆರೆಯೂ ಚಾವಣಿಯ ಮೇಲಕ್ಕೆ ಉಬ್ಬಬಹುದು. 11,025 ಹರ್ಟ್ಸ್‌ನ ಶುದ್ಧ ಸ್ವರವನ್ನು ತೆಗೆದುಕೊಳ್ಳಿ. ಅದರ ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಚುಕ್ಕಿ. ಅವು ಶಿಖರದ ಮೇಲೆ ಬೀಳದೆ ಅದರ ಎರಡೂ ಪಕ್ಕದಲ್ಲಿ ಸಮನಾಗಿ ಬಿದ್ದರೆ, ಚುಕ್ಕಿಗಳ ಎತ್ತರ ಶಿಖರದ ಶೇ. 70.7 ಮಾತ್ರ. ಆ ಚುಕ್ಕಿಗಳನ್ನು ಸೊನ್ನೆಯವರೆಗೆ ಎತ್ತಿದರೆ ನಿಜವಾದ ಶಿಖರ 3 ಡೆಸಿಬಲ್ ಮೇಲಿರುತ್ತದೆ. ಇದನ್ನೇ ಟ್ರೂ ಪೀಕ್ ಎನ್ನುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ BS.1770 ಮಾನದಂಡದ ಪ್ರಕಾರ ಇದನ್ನು ಅಳೆಯುವ ಮೀಟರ್, ಪ್ರತಿ ಎರಡು ಚುಕ್ಕಿಗಳ ನಡುವೆ ಲೆಕ್ಕ ಹಾಕಿ ಇನ್ನೂ ಮೂರು ಚುಕ್ಕಿ ಇಟ್ಟು ನೋಡುತ್ತದೆ. ಆದರೂ ತೀರಾ ಮೇಲಿನ ಕಂಪನಗಳಲ್ಲಿ ಅರ್ಧ ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚು ಕಣ್ತಪ್ಪಬಹುದು.

ಇಷ್ಟು ಹಾಡು ಮನೆಯಲ್ಲೇ ಇದ್ದಾಗಿನ ಕಥೆ. ಸ್ಟ್ರೀಮಿಂಗ್‌ನವರು ಅದನ್ನು ಆಗ್ ವೋರ್ಬಿಸ್, ಎಎಸಿ ಅಥವಾ ಓಪಸ್ ಕೋಡೆಕ್‌ಗೆ ಹಾಕಿ ಕುಗ್ಗಿಸುತ್ತಾರೆ. ಕೋಡೆಕ್ ಕಾಯುವುದು ಕಿವಿಗೆ ಕೇಳುವುದನ್ನು, ಅಲೆಯ ಆಕಾರವನ್ನಲ್ಲ. ಜೋರಾಗಿ ಕೇಳಲೆಂದು ಲಿಮಿಟರ್‌ನಿಂದ ತಲೆ ಸವರಿದ ಅಲೆಗೆ ಇಲ್ಲಿಯೇ ತೊಂದರೆ. ಅದರ ತಲೆ ಚಪ್ಪಟೆಯಾಗಿ ನಿಂತಿರುವುದು, ಮೇಲಿನ ಸಣ್ಣ ಕಂಪನಗಳು ಅದನ್ನು ಒತ್ತಿ ಹಿಡಿದಿರುವುದರಿಂದ. ಅವುಗಳಲ್ಲಿ ಕೆಲವನ್ನು ಕೋಡೆಕ್ ಕಿತ್ತರೆ ತಲೆ ಮತ್ತೆ ಪುಟಿಯುತ್ತದೆ. ಪೂರ್ತಿ ಚೌಕಾಕಾರದ ಅಲೆಯಿಂದ ಮೂಲಸ್ವರವೊಂದನ್ನೇ ಉಳಿಸಿದರೆ ಅದರ ಎತ್ತರ 1.27 ಪಟ್ಟು, ಅಂದರೆ 2.1 ಡೆಸಿಬಲ್ ಹೆಚ್ಚು! ಕೋಡೆಕ್ ಇಷ್ಟು ನಿರ್ದಯಿಯಲ್ಲ. ಆದರೆ ಬಿಟ್‌ರೇಟ್ ಇಳಿದಷ್ಟೂ ಈ ಪುಟಿತ ಸಾಮಾನ್ಯವಾಗಿ ಹೆಚ್ಚುತ್ತದೆ. ಫೋನಿನೊಳಗೆ ಅದು ಪೂರ್ಣಾಂಕಗಳಾಗಿ ಬದಲಾಗುವಾಗ ಚಾವಣಿ ಮೀರಿದ್ದೆಲ್ಲ ಕತ್ತರಿಸಿಹೋಗುತ್ತದೆ. ಕೇಳಿಸಿದ ಚರ್ ಅದೇ.

ಆದ್ದರಿಂದ ಹಾಡು ಕಳಿಸುವ ಮೊದಲು ನಾವೇ ಒಮ್ಮೆ ಕುಗ್ಗಿಸಿ ನೋಡುವುದು ಲೇಸು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಿ ಇದು ಎರಡು ಸಾಲಿನ ಕೆಲಸ.

```
ffmpeg -i master.wav -c:a libvorbis -b:a 128k test.ogg
ffmpeg -i test.ogg -af ebur128=peak=true -f null -
```

ಎರಡನೆಯ ಆದೇಶದ ಕೊನೆಯಲ್ಲಿ True peak ಎಂಬ ಸಾಲು ಕಾಣುತ್ತದೆ. ನಮ್ಮ ಹಾಡಿನಲ್ಲಿ ಅದು ಪ್ಲಸ್ 1.3 ತೋರಿಸಿತು ಎಂದುಕೊಳ್ಳಿ. ಮೊದಲು ಲಿಮಿಟರ್‌ನ ಟ್ರೂ ಪೀಕ್ ಗುಂಡಿ ಒತ್ತಿ, ಮಿತಿಯನ್ನು ಮೈನಸ್ 1ಕ್ಕೆ ಇಳಿಸಬೇಕು. ಸ್ಯಾಂಪಲ್ ರೇಟ್ ಬದಲಿಸುವುದಿದ್ದರೆ ಅದಕ್ಕೂ ಮುಂಚೆಯೇ ಮುಗಿದಿರಬೇಕು, ಏಕೆಂದರೆ ಆ ಬದಲಾವಣೆಯೂ ಶಿಖರಗಳನ್ನು ಎತ್ತುತ್ತದೆ. ಮತ್ತೆ ಕುಗ್ಗಿಸಿ ನೋಡಿದರೆ ಈಗ ಪ್ಲಸ್ 0.2. ಇನ್ನೂ ಸ್ವಲ್ಪ ಹಿಂಡೋಣ ಎಂದು ಕೈ ಲಿಮಿಟರ್ ಕಡೆಗೇ ಹೋಗುತ್ತದೆ. ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಹಿಂಡಿದಷ್ಟೂ ತಲೆ ಚಪ್ಪಟೆಯಾಗಿ, ಪುಟಿಯುವುದಕ್ಕೆ ಇನ್ನಷ್ಟು ಕಾರಣ ಸಿಗುತ್ತದೆ. ಅದರ ಬದಲು ಇಡೀ ಹಾಡನ್ನೇ 1 ಡೆಸಿಬಲ್ ತಗ್ಗಿಸಿದರೆ ಕುಗ್ಗಿದ ಪ್ರತಿಯ ಶಿಖರವೂ ಹೆಚ್ಚುಕಡಿಮೆ ಅಷ್ಟೇ ಇಳಿದು ಮೈನಸ್ 0.8ರ ಆಸುಪಾಸಿಗೆ ಬರುತ್ತದೆ. ಸ್ಪಾಟಿಫೈ ಕೊಡುವ ಸಲಹೆಯೂ ಇದಕ್ಕೆ ಹತ್ತಿರದ್ದೇ: ಟ್ರೂ ಪೀಕ್ ಮೈನಸ್ 1ರೊಳಗಿರಲಿ, ಹಾಡಿನ ಸರಾಸರಿ ಜೋರು ಮೈನಸ್ 14 ಎಲ್‌ಯುಎಫ್‌ಎಸ್ ಮೀರಿದ್ದರೆ ಮೈನಸ್ 2ರೊಳಗಿರಲಿ.

ಹೀಗೆ ತಗ್ಗಿಸಿದರೆ ಹಾಡು ಮೆತ್ತಗಾಗುವುದಿಲ್ಲವೇ ಎಂದು ನಿರ್ಮಾಪಕರು ಕೇಳುವುದುಂಟು. ಆ್ಯಪ್ ತಾನೇ ಜೋರಾದ ಹಾಡನ್ನು ತಗ್ಗಿಸಿ ಎಲ್ಲವನ್ನೂ ಮೈನಸ್ 14ರ ಸುಮಾರಿಗೆ ತರುತ್ತದೆ. ನಾವು ಬಿಟ್ಟುಕೊಟ್ಟ 1 ಡೆಸಿಬಲ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ತಗ್ಗಿಸುವಾಗ ಎಷ್ಟೋ ಸಲ ಚಾವಣಿ ಮೀರಿದ ಶಿಖರವೂ ಒಳಕ್ಕೆ ಬಂದು ತಪ್ಪು ಮುಚ್ಚಿಹೋಗುತ್ತದೆ. ಆದರೆ ಕೇಳುಗರು ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆರಿಸಿಡಬಹುದು. ಆಗ ಹರಿದ ಸದ್ದು ಬಯಲಿಗೆ ಬರುತ್ತದೆ.

ದೋಷ ನಿಜಕ್ಕೂ ಕೋಡೆಕ್‌ನದೇ ಎಂದು ತಿಳಿಯುವುದಕ್ಕೂ ದಾರಿಯಿದೆ. ಮಾಸ್ಟರನ್ನು 3 ಡೆಸಿಬಲ್ ತಗ್ಗಿಸಿ ಮತ್ತೊಂದು ಪ್ರತಿ ಕುಗ್ಗಿಸಿ, ಪಲ್ಲವಿಯನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಚರ್ ಮಾಯವಾಗಿದ್ದರೆ ಅದು ಚಾವಣಿಗೆ ತಲೆ ಬಡಿದ ಸದ್ದು. ಆಗಲೂ ಹಾಗೇ ಇದ್ದರೆ ಬಹುಮಟ್ಟಿಗೆ ಅದು ಮಿಕ್ಸ್‌ನಲ್ಲೋ ರೆಕಾರ್ಡಿಂಗ್‌ನಲ್ಲೋ ಮೊದಲೇ ಒಡೆದದ್ದು. ಮಾಸ್ಟರಿಂಗ್‌ನವರನ್ನು ಬಿಟ್ಟು ಮಿಕ್ಸಿಂಗ್‌ನವರಿಗೆ ಫೋನ್ ಮಾಡಬೇಕು.