ಚದರ ಅಡಿ, ರನ್ನಿಂಗ್ ಅಡಿ: ಅಳತೆ ಬೆರೆತರೆ ಆಗುವ ನಷ್ಟ

ಮನೆ ಕಟ್ಟುವ ಕೆಲಸದಲ್ಲಿ ‘ಅಡಿ’ ಎಂಬ ಒಂದೇ ಮಾತು ಎರಡು ಬೇರೆ ಅಳತೆಗಳಿಗೆ ಸಲ್ಲುತ್ತದೆ. ನೆಲದ ಟೈಲ್ಸ್, ಗೋಡೆಯ ಗಾರೆ, ಬಣ್ಣ ಇವುಗಳಿಗೆ ಉದ್ದವನ್ನು ಅಗಲ ಅಥವಾ ಎತ್ತರದಿಂದ ಗುಣಿಸಿ ಚದರ ಅಡಿ ಲೆಕ್ಕ ಹಾಕುತ್ತಾರೆ. ಸ್ಕರ್ಟಿಂಗ್, ಅಂದರೆ ನೆಲ ಗೋಡೆಗೆ ಸೇರುವಲ್ಲಿ ಸುತ್ತಲೂ ಕೂರಿಸುವ ಪಟ್ಟಿ, ಗ್ರಾನೈಟ್ ಅಂಚಿನ ಮೋಲ್ಡಿಂಗ್, ಕಂಬಿಯ ಕೈಪಿಡಿ ಇವುಗಳಿಗೆ ಬರೀ ಉದ್ದ ಹಿಡಿಯುವುದು ವಾಡಿಕೆ. ಅದೇ ರನ್ನಿಂಗ್ ಅಡಿ. ಮಾತಿನಲ್ಲಿ ಎರಡೂ ‘ಅಡಿ’ ಆಗಿಬಿಡುವುದರಿಂದ ಹೊಸಬರು ಒಂದನ್ನು ಇನ್ನೊಂದಕ್ಕೆ ಕೂಡಿಸಿಬಿಡುತ್ತಾರೆ.

ಸ್ಕರ್ಟಿಂಗ್ ಕೂಲಿಯನ್ನು ಉದ್ದದ ಲೆಕ್ಕದಲ್ಲಿ ಮಾತನಾಡುವುದಕ್ಕೆ ಕಾರಣವಿದೆ. ಪಟ್ಟಿಯ ಎತ್ತರ ಬರೀ 4 ಇಂಚು. ಆದರೆ ಅದನ್ನು ಕೂರಿಸಲು ಗೋಡೆಯ ಗಾರೆ ಕೆತ್ತಬೇಕು, ಟೈಲನ್ನು ಪಟ್ಟಿಯಾಗಿ ಕೊಯ್ಯಬೇಕು, ದಾರ ಹಿಡಿದು ಮೇಲಂಚು ಒಂದೇ ಮಟ್ಟಕ್ಕೆ ತರಬೇಕು, ಮೂಲೆಗಳಲ್ಲಿ ಕೂಡಿಸಬೇಕು. ಈ ಶ್ರಮವೆಲ್ಲ ಗೋಡೆಯ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ. ಪಟ್ಟಿ 3 ಇಂಚಿದ್ದರೂ 4 ಇಂಚಿದ್ದರೂ ಕೆಲಸದಲ್ಲಿ ಹೆಚ್ಚು ವ್ಯತ್ಯಾಸವಾಗದು. ಟೈಲಿನ ಮಾತು ಬೇರೆ. ಅದನ್ನು ಅಂಗಡಿಯಲ್ಲಿ ಚದರ ಅಡಿಗೆ ಇಷ್ಟು ಎಂದು ಮಾರುತ್ತಾರೆ. ಹಾಗಾಗಿ ಪಟ್ಟಿಯ ಎತ್ತರ ಅಲ್ಲಿ ಲೆಕ್ಕಕ್ಕೆ ಬರಲೇಬೇಕು. ಒಂದೇ ಸ್ಕರ್ಟಿಂಗ್‌ಗೆ ಮಾಲಿನ ಅಳತೆ ಒಂದು, ಕೂಲಿಯ ಅಳತೆ ಇನ್ನೊಂದು.

ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎಂಬುದನ್ನು ಒಂದು ಪುಟ್ಟ ಕಥೆಯಲ್ಲಿ ನೋಡಬಹುದು. ಇದರಲ್ಲಿನ ದರಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು.

ಊರಂಚಿನ ಒಂದು ಮನೆಗೆ ಟೈಲ್ಸ್ ಕೂರಿಸುವ ಕೆಲಸ ಒಬ್ಬ ಮೇಸ್ತ್ರಿಗೆ ಸಿಕ್ಕಿತು. ಮಾಲು ಮಾಲೀಕರದು, ಕೂಲಿ ಮೇಸ್ತ್ರಿಯದು. ನೆಲಕ್ಕೆ ಚದರ ಅಡಿಗೆ 25 ರೂಪಾಯಿ, ಸ್ಕರ್ಟಿಂಗ್‌ಗೆ ರನ್ನಿಂಗ್ ಅಡಿಗೆ 15 ರೂಪಾಯಿ ಎಂದು ಮಾತಾಯಿತು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಬೇಕಿದ್ದರಿಂದ, ಹತ್ತನೇ ತರಗತಿ ಮುಗಿಸಿ ಕೆಲಸ ಕಲಿಯಲು ಸೇರಿದ್ದ ಹುಡುಗನ ಕೈಗೆ ಟೇಪು ಕೊಟ್ಟು, ಅಳತೆ ಹಿಡಿದು ಎಷ್ಟು ಟೈಲ್ಸ್ ಬೇಕೆಂದು ಮಾಲೀಕರಿಗೆ ಬರೆದುಕೊಡಲು ಹೇಳಿದ.

ಹುಡುಗ ಅಳತೆಯನ್ನು ಸರಿಯಾಗಿಯೇ ಹಿಡಿದ. ಹಾಲ್ 20 ಅಡಿಗೆ 15 ಅಡಿ, 300 ಚದರ ಅಡಿ. ಎರಡು ಕೋಣೆಗಳು ತಲಾ 12 ಅಡಿಗೆ 10 ಅಡಿ, ಒಟ್ಟು 240. ನೆಲ ಎಲ್ಲ ಸೇರಿ 540 ಚದರ ಅಡಿ. ಆಮೇಲೆ ಗೋಡೆಯ ಸುತ್ತಳತೆ ತೆಗೆದ. ಹಾಲ್‌ನ 70 ಅಡಿಯಲ್ಲಿ 3 ಅಡಿಯ ನಾಲ್ಕು ಬಾಗಿಲುಗಳನ್ನು ಕಳೆದರೆ 58. ಒಂದೊಂದು ಕೋಣೆಯ 44 ಅಡಿಯಲ್ಲಿ ಒಂದೊಂದು ಬಾಗಿಲು ಕಳೆದರೆ 41. ಒಟ್ಟು 140 ಅಡಿ. ಬಾಗಿಲು ಕಳೆಯುವುದನ್ನೂ ಅವನು ಮರೆಯಲಿಲ್ಲ. ತಪ್ಪಿದ್ದು ಮುಂದಿನ ಸಾಲಿನಲ್ಲಿ. 540ಕ್ಕೆ 140 ಕೂಡಿಸಿ 680 ಎಂದು ಬರೆದ. ಒಡಕು, ಕತ್ತರಿಕೆಗೆ ನೂರಕ್ಕೆ 5 ಸೇರಿಸಿದಾಗ 714 ಆಯಿತು. ಒಂದು ಬಾಕ್ಸಿನಲ್ಲಿ ಎರಡಡಿ ಚೌಕದ ನಾಲ್ಕು ಟೈಲ್ಸ್, ಅಂದರೆ 16 ಚದರ ಅಡಿ. ಹೀಗೆ 45 ಬಾಕ್ಸ್ ಎಂದು ಚೀಟಿ ಕೊಟ್ಟ.

ಕೆಲಸ ಮುಗಿದಾಗ ಆರು ಬಾಕ್ಸ್ ಹಾಗೇ ಉಳಿದಿದ್ದವು. ಮಾಲೀಕರು ಚೀಟಿ ತೋರಿಸಿ, “ಏನ್ ಮೇಸ್ತ್ರಿ, ನೀವೇ ಬರೆಸಿದ್ದಲ್ವಾ ಇದು?” ಎಂದರು. ಅಂಗಡಿಯವರು ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟಿದ್ದರು. ಮುಂದೆ ಒಂದೆರಡು ಟೈಲ್ ಒಡೆದರೆ ಬೇಕಾಗುತ್ತದೆಂದು ಒಂದು ಬಾಕ್ಸನ್ನು ಮಾಲೀಕರು ಇಟ್ಟುಕೊಂಡರು. ಮಿಕ್ಕ ಐದು ಬಾಕ್ಸಿನ 80 ಚದರ ಅಡಿಗೆ, ಅಡಿಗೆ 60 ರೂಪಾಯಿಯಂತೆ, 4,800 ರೂಪಾಯಿಯನ್ನು ಕೂಲಿಯಲ್ಲಿ ಹಿಡಿಯುವುದೆಂದು ತೀರ್ಮಾನವಾಯಿತು.

ಮೇಸ್ತ್ರಿ ಹುಡುಗನನ್ನು ಬೈಯಲಿಲ್ಲ. ಒಂದು ಟೈಲನ್ನು ನೆಲಕ್ಕಿಟ್ಟು, “ಇದ್ರಲ್ಲಿ ನಾಲ್ಕಿಂಚಿನ ಪಟ್ಟಿ ಎಷ್ಟು ಬರ್ತವೆ ಹೇಳು” ಎಂದ. ಎರಡಡಿ ಎಂದರೆ 24 ಇಂಚು, ಆರು ಪಟ್ಟಿ. ಒಂದೊಂದೂ ಎರಡಡಿ ಉದ್ದ. ಒಂದು ಟೈಲಿನಿಂದ 12 ಅಡಿ ಸ್ಕರ್ಟಿಂಗ್. ಬ್ಲೇಡು ತಿನ್ನುವಷ್ಟರಿಂದ ಪಟ್ಟಿ ನಾಲ್ಕಿಂಚಿಗೆ ಕೂದಲೆಳೆಯಷ್ಟು ಕಮ್ಮಿ ಬರುತ್ತದೆ, ಅಷ್ಟೆ. 140 ಅಡಿಗೆ 12 ಟೈಲ್ಸ್, ಅಂದರೆ ಮೂರೇ ಬಾಕ್ಸ್ ಸಾಕು. ಹುಡುಗ ಅದನ್ನು 140 ಚದರ ಅಡಿ ಎಂದು ಹಿಡಿದು 35 ಟೈಲ್ಸ್ ಬರೆದಿದ್ದ.

ಸರಿಯಾದ ಲೆಕ್ಕ ಹೀಗೆ: 4 ಇಂಚು ಅಡಿಯ ಮೂರನೇ ಒಂದು ಭಾಗ. 140ನ್ನು 3ರಿಂದ ಭಾಗಿಸಿದರೆ ಸುಮಾರು 47 ಚದರ ಅಡಿ. ನೆಲದ 540 ಸೇರಿ 587. ನೂರಕ್ಕೆ 5 ಸೇರಿಸಿದರೆ ಸುಮಾರು 616. ಅದಕ್ಕೆ 39 ಬಾಕ್ಸ್ ಸಾಕು. ಇಲ್ಲಿ ಇನ್ನೊಂದು ಎಡವಟ್ಟಿಗೂ ಜಾಗವಿದೆ. 4 ಇಂಚನ್ನು 0.4 ಅಡಿ ಎಂದು ಬರೆದರೆ 47ರ ಬದಲು 56 ಬರುತ್ತದೆ. ಅಡಿಗೆ ಇಂಚು ಹನ್ನೆರಡು. ಆದ್ದರಿಂದ ಇಂಚನ್ನು ಮೊದಲು 12ರಿಂದ ಭಾಗಿಸಿಯೇ ಗುಣಿಸಬೇಕು.

ಅಂದೇ ಸಂಜೆ ಕೂಲಿಯ ಬಿಲ್ ಬರೆಯುವ ಕೆಲಸವೂ ಹುಡುಗನಿಗೇ ಬಂತು. ಕಲಿತ ಪಾಠ ತಲೆಯಲ್ಲಿ ಬಿಸಿಯಾಗಿತ್ತು. ನೆಲ 540 ಚದರ ಅಡಿಗೆ 13,500 ಎಂದು ಸರಿಯಾಗಿ ಬರೆದ. ಸ್ಕರ್ಟಿಂಗ್ 47 ಅಡಿ, 15 ರೂಪಾಯಿಯಂತೆ 705 ಎಂದು ಬರೆದ. ಮೇಸ್ತ್ರಿ ಚೀಟಿ ನೋಡಿ, “ದರ ಯಾವ ಅಡೀಗೆ ಮಾತಾಡಿದ್ದು ನಾವು?” ಎಂದು ಕೇಳಿದ. ದರ ರನ್ನಿಂಗ್ ಅಡಿಗೆ. ಹಾಗಾಗಿ 140 ಅಡಿಗೆ 2,100 ರೂಪಾಯಿ ಬರಬೇಕು. ಬಿಲ್ ಹಾಗೇ ಹೋಗಿದ್ದರೆ ಇನ್ನೂ 1,395 ರೂಪಾಯಿ ಕೈಬಿಡುತ್ತಿತ್ತು. ತಿದ್ದಿದ ಬಿಲ್ 15,600 ಆಯಿತು. ಟೈಲ್ಸಿನ 4,800 ಕಳೆದು ಮೇಸ್ತ್ರಿಗೆ ಸಿಕ್ಕಿದ್ದು 10,800.

ಎರಡು ತಪ್ಪಿಗೂ ಮೂಲ ಒಂದೇ. ಹುಡುಗ ಬರೆದ ಅಂಕಿಗಳ ಪಕ್ಕದಲ್ಲಿ ಅದು ಯಾವ ಅಡಿ ಎಂಬುದು ಇರಲಿಲ್ಲ. ಉದ್ದವನ್ನು ವಿಸ್ತೀರ್ಣಕ್ಕೆ ಕೂಡಿಸಲು ಬರುವುದಿಲ್ಲ. ಮೊದಲು ಅದನ್ನು ಎತ್ತರದಿಂದ ಗುಣಿಸಿ ವಿಸ್ತೀರ್ಣ ಮಾಡಬೇಕು. ಹಾಗೆಯೇ ಯಾವ ಅಡಿಗೆ ದರ ಮಾತಾಗಿದೆಯೋ ಅದೇ ಅಡಿಯನ್ನು ಆ ದರದಿಂದ ಗುಣಿಸಬೇಕು.

ಅಡುಗೆಮನೆಯ ಕಟ್ಟೆಯಲ್ಲೂ ಇದೇ ಗೊಂದಲ ಬರುತ್ತದೆ. 10 ಅಡಿ ಉದ್ದ, 2 ಅಡಿ ಅಗಲದ ಕಟ್ಟೆಗೆ ಗ್ರಾನೈಟ್ 20 ಚದರ ಅಡಿ. ಮುಂದಿನ ಅಂಚಿನ ಮೋಲ್ಡಿಂಗ್ 10 ರನ್ನಿಂಗ್ ಅಡಿ. ‘ಕಟ್ಟೆಗೆ ಅಡಿಗೆ ಇಷ್ಟು’ ಎಂದಷ್ಟೇ ಹೇಳಿ ಕೆಲಸ ಒಪ್ಪಿಸಿದರೆ, ಬಿಲ್ ಬರುವ ಹೊತ್ತಿಗೆ ಮೊತ್ತ ಇಮ್ಮಡಿಯೂ ಆಗಬಹುದು, ಅರ್ಧಕ್ಕೂ ಇಳಿಯಬಹುದು.

ಇದನ್ನು ತಪ್ಪಿಸಲು ಅಳತೆಯ ಚೀಟಿಯಲ್ಲಿ ಉದ್ದ, ಅಗಲ, ಎತ್ತರ, ಒಟ್ಟು ಎಂದು ಬೇರೆ ಬೇರೆ ಕಲಂ ಹಾಕಿ, ಒಟ್ಟಿನ ಪಕ್ಕ ಅಳತೆಯ ಹೆಸರನ್ನು ಬರೆಯುವುದು ಒಳ್ಳೆಯದು. ಒಂದೇ ಕಲಂ ತುಂಬಿದ್ದರೆ ಅದು ರನ್ನಿಂಗ್ ಅಡಿ. ಎರಡು ತುಂಬಿದ್ದರೆ ಚದರ ಅಡಿ. ಕಾಂಕ್ರೀಟ್, ಮಣ್ಣು ಅಗೆತದಂತೆ ಮೂರೂ ತುಂಬಿದ್ದರೆ ಘನ ಅಡಿ. ಮಾಲಿನ ಚೀಟಿ, ಕೂಲಿಯ ಚೀಟಿ ಬೇರೆಯಾಗಿಯೇ ಇರಬೇಕು. ಮನೆ ಕಟ್ಟಿಸುವವರು ಒಪ್ಪಿಕೊಳ್ಳುವ ಮುಂಚೆ ಪ್ರತಿ ದರದ ಎದುರು ಅದು ಯಾವ ಅಡಿಗೆ ಎಂದು ಬರೆಸಿಕೊಳ್ಳಬೇಕು. ಸ್ಕರ್ಟಿಂಗ್ ಆದರೆ ಅದರ ಎತ್ತರವನ್ನೂ ನಮೂದಿಸಬೇಕು. ಎತ್ತರ ಗೊತ್ತಿಲ್ಲದೆ ರನ್ನಿಂಗ್ ಅಡಿಯಿಂದ ಟೈಲ್ಸಿನ ಲೆಕ್ಕ ತೆಗೆಯಲಾಗದು.