ಕೋಲ್ಪಿಟ್ಸ್ ಸರ್ಕೀಟು: ಎರಡು ಕೆಪಾಸಿಟರ್‌ಗಳ ಲೆಕ್ಕಾಚಾರ

ಒಂದು ಟ್ರಾನ್ಸಿಸ್ಟರ್, ಒಂದು ಸುರುಳಿ, ಎರಡು ಕೆಪಾಸಿಟರ್. ಇಷ್ಟನ್ನು ಸರಿಯಾಗಿ ಜೋಡಿಸಿದರೆ ಪಕ್ಕದಲ್ಲಿಟ್ಟ ಮೀಡಿಯಂ ವೇವ್ ರೇಡಿಯೊ 1125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಒಮ್ಮೆಲೇ ‘ಸುಯ್’ ಸದ್ದು ನಿಲ್ಲಿಸಿ ತೆಪ್ಪಗಾಗುತ್ತದೆ. ಸರ್ಕೀಟು ಹೊರಡಿಸುವ ಅಲೆ ಅದಕ್ಕೆ ತಾಕಿದೆ ಎಂದು ಅರ್ಥ. ಈಗ ಎರಡು ಕೆಪಾಸಿಟರ್‌ಗಳಲ್ಲಿ ಒಂದನ್ನು ಕಿತ್ತು, 10 ನ್ಯಾನೋಫ್ಯಾರಡ್ ಇದ್ದಲ್ಲಿ 47 ಹಾಕಿ. ಡಯಲ್ಲನ್ನು ಎಷ್ಟು ತಿರುಗಿಸಿದರೂ ಅಲೆ ಸಿಗುವುದಿಲ್ಲ. ಯಾವ ಭಾಗವೂ ಸುಟ್ಟಿಲ್ಲ, ಬೆಸುಗೆಯೂ ಬಿಟ್ಟಿಲ್ಲ. ಕೆಟ್ಟಿರುವುದು ಆ ಎರಡು ಕೆಪಾಸಿಟರ್‌ಗಳ ಅನುಪಾತ ಮಾತ್ರ.

ಈ ಸರ್ಕೀಟಿಗೆ ಕೋಲ್ಪಿಟ್ಸ್ ಆಸಿಲೇಟರ್ ಎಂದು ಹೆಸರು. ಕೆನಡಾದಲ್ಲಿ 1872ರಲ್ಲಿ ಹುಟ್ಟಿದ ಎಡ್ವಿನ್ ಕೋಲ್ಪಿಟ್ಸ್ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಅದೇ ಕಂಪನಿಯ ರಾಲ್ಫ್ ಹಾರ್ಟ್ಲಿ ಸುರುಳಿಯ ನಡುವಿನಿಂದ ತಂತಿ ತೆಗೆದು ಆಸಿಲೇಟರ್ ಕಟ್ಟಿದ್ದರು. ಕೋಲ್ಪಿಟ್ಸ್ ಸುರುಳಿಯನ್ನು ಮುಟ್ಟದೆ, ಅದರ ಜೊತೆಗಾರ ಕೆಪಾಸಿಟರನ್ನೇ ಎರಡು ಮಾಡಿ ನಡುವಿನಿಂದ ತಂತಿ ತೆಗೆದರು. 1918ರಲ್ಲಿ ಹಾಕಿದ ಪೇಟೆಂಟ್ ಅರ್ಜಿ ಮಂಜೂರಾದದ್ದು 1927ರಲ್ಲಿ. ಆಗ ಇದ್ದದ್ದು ನಿರ್ವಾತ ಕೊಳವೆ. ಈಗ ಆ ಜಾಗದಲ್ಲಿ ಟ್ರಾನ್ಸಿಸ್ಟರ್ ಕೂತಿದೆ, ಲೆಕ್ಕ ಹಾಗೇ ಉಳಿದಿದೆ.

ಜೋಡಣೆ ಹೀಗಿದೆ. ಟ್ರಾನ್ಸಿಸ್ಟರಿನ ಕಲೆಕ್ಟರಿನಿಂದ ಎಮಿಟರಿಗೆ C1, ಬೇಸಿನಿಂದ ಎಮಿಟರಿಗೆ C2. ಕಲೆಕ್ಟರಿಗೂ ಬೇಸಿಗೂ ನಡುವೆ ಸುರುಳಿ L. ಕಲೆಕ್ಟರಿನ ನೇರ ವೋಲ್ಟೇಜು ಸುರುಳಿಯ ಮೂಲಕ ಬೇಸಿಗೆ ಹರಿಯದಂತೆ ದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ; ಅಲೆಯ ಮಟ್ಟಿಗೆ ಅದು ಬರಿಯ ತಂತಿ ಇದ್ದಂತೆ, ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಕಂಪನಾಂಕದ ಲೆಕ್ಕ. ಸುರುಳಿಯ ಕಡೆಯಿಂದ ನೋಡಿದರೆ C1 ಮತ್ತು C2 ಒಂದರ ಹಿಂದೆ ಒಂದು ನಿಂತಿವೆ. ಹಾಗೆ ಸಾಲಾಗಿ ನಿಂತ ಕೆಪಾಸಿಟರ್‌ಗಳ ಒಟ್ಟು ಬೆಲೆ ಎರಡರ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದಷ್ಟು. ಸುರುಳಿ ಅಲೆಗೆ ಒಡ್ಡುವ ತಡೆ ಕಂಪನಾಂಕ ಏರಿದಂತೆ ಏರುತ್ತದೆ, ಕೆಪಾಸಿಟರಿನದು ಇಳಿಯುತ್ತದೆ. ಎರಡೂ ಸಮವಾಗುವ ಒಂದೇ ಜಾಗದಲ್ಲಿ ಶಕ್ತಿ ಸುರುಳಿಗೂ ಕೆಪಾಸಿಟರ್‌ಗಳಿಗೂ ನಡುವೆ ಓಲಾಡುತ್ತದೆ. ಸಮೀಕರಣ ಬಿಡಿಸಿದರೆ ಸಿಗುವುದು ಇದು:

C = C1 × C2 / (C1 + C2)
f = 1 / (2π√(L × C))

C1ಗೆ 1 ನ್ಯಾನೋಫ್ಯಾರಡ್, C2ಗೆ 10 ನ್ಯಾನೋಫ್ಯಾರಡ್ ಹಾಕಿದರೆ C ಸುಮಾರು 909 ಪಿಕೋಫ್ಯಾರಡ್. ಸುರುಳಿ 22 ಮೈಕ್ರೋಹೆನ್ರಿಯದಾದರೆ f ಸುಮಾರು 1125 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯ 612, ಧಾರವಾಡದ 765 ಇರುವ ಅದೇ ಡಯಲ್ಲಿನ ಮೇಲೆ, ಬಲಕ್ಕೆ ಸ್ವಲ್ಪ ದೂರದಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. 909ರಲ್ಲಿ ಹೆಚ್ಚಿನ ಪಾಲು ಚಿಕ್ಕ ಕೆಪಾಸಿಟರಿನದೇ. 10 ತೆಗೆದು 47 ಹಾಕಿದರೂ C ಏರುವುದು 979ಕ್ಕೆ, ಕಂಪನಾಂಕ ಇಳಿಯುವುದು ಸುಮಾರು 1084ಕ್ಕೆ. ಡಯಲ್ಲಿನ ಮೇಲೆ ಅದು ಕೂದಲೆಳೆಯಷ್ಟೇ ಸರಿದಂತೆ. ಹಾಗಿದ್ದ ಮೇಲೆ ಅಲೆ ಮಾಯವಾದದ್ದು ಏಕೆ?

ಉತ್ತರ ಎರಡನೆಯ ಲೆಕ್ಕದಲ್ಲಿದೆ. ಸುರುಳಿ–ಕೆಪಾಸಿಟರ್ ಸುತ್ತಿನಲ್ಲಿ ಓಡಾಡುವ ಕರೆಂಟು ಹೊರಗಿನಿಂದ ಬರುವ ಕರೆಂಟಿಗಿಂತ ಬಹಳ ದೊಡ್ಡದು. ಆದ್ದರಿಂದ C1 ಮತ್ತು C2 ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಕರೆಂಟು ಹರಿಯುತ್ತದೆ ಎನ್ನಬಹುದು. ಒಂದೇ ಕರೆಂಟು ಹರಿಯುವಾಗ ಚಿಕ್ಕ ಕೆಪಾಸಿಟರಿನ ಮೇಲೆ ಹೆಚ್ಚು ವೋಲ್ಟೇಜು, ದೊಡ್ಡದರ ಮೇಲೆ ಕಡಿಮೆ. ಅಂದರೆ ಕಲೆಕ್ಟರಿನಲ್ಲಿ 1 ವೋಲ್ಟ್ ಅಲೆ ಇದ್ದರೆ ಬೇಸಿಗೆ ಮರಳುವುದು C1/C2 ಭಾಗ ಮಾತ್ರ. ನಮ್ಮ ಉದಾಹರಣೆಯಲ್ಲಿ ಹತ್ತನೇ ಒಂದು. ಎಮಿಟರ್ ಎರಡು ಕೆಪಾಸಿಟರ್‌ಗಳ ನಡುವೆ ಕೂತಿರುವುದರಿಂದ ಒಂದು ತುದಿ ಮೇಲೇರಿದಾಗ ಇನ್ನೊಂದು ಕೆಳಗಿಳಿಯುತ್ತದೆ. ಟ್ರಾನ್ಸಿಸ್ಟರ್ ಕೂಡ ಬೇಸಿನ ಅಲೆಯನ್ನು ತಲೆಕೆಳಗು ಮಾಡಿಯೇ ಕಲೆಕ್ಟರಿಗೆ ಕೊಡುವುದು. ಎರಡು ಸಲ ತಲೆಕೆಳಗಾಗಿ ಅಲೆ ತನಗೆ ತಾನೇ ತಾಳ ಸೇರಿಸಿಕೊಳ್ಳುತ್ತದೆ.

ಹತ್ತನೇ ಒಂದಾಗಿ ಮರಳಿದ್ದನ್ನು ಟ್ರಾನ್ಸಿಸ್ಟರ್ ಕನಿಷ್ಠ ಹತ್ತು ಪಟ್ಟು ಹಿಗ್ಗಿಸಬೇಕು. ಇಲ್ಲವಾದರೆ ಅಲೆ ಸುತ್ತುಸುತ್ತಿಗೂ ಕುಗ್ಗಿ ಸತ್ತುಹೋಗುತ್ತದೆ. ಟ್ರಾನ್ಸಿಸ್ಟರಿನ ಗೇನ್ ಎಂದರೆ gm ಎಂಬ ಅದರ ಬಲವನ್ನು ಕಲೆಕ್ಟರಿಗೆ ಕಾಣುವ ಒಟ್ಟು ರೆಸಿಸ್ಟೆನ್ಸ್ Rನಿಂದ ಗುಣಿಸಿದಷ್ಟು. ಹಾಗಾಗಿ ಷರತ್ತು ಒಂದೇ ಸಾಲಿನದು:

gm × R ≥ C2 / C1

ಇದನ್ನು ಅಂಗಡಿಯಲ್ಲಿ ಸಿಗುವ BC547 ಟ್ರಾನ್ಸಿಸ್ಟರಿಗೆ ಅನ್ವಯಿಸಿ ನೋಡೋಣ. ಕೋಣೆಯ ಉಷ್ಣತೆಯಲ್ಲಿ gm ತಿಳಿಯಲು ಕಲೆಕ್ಟರ್ ಕರೆಂಟನ್ನು 26 ಮಿಲಿವೋಲ್ಟ್‌ನಿಂದ ಭಾಗಿಸಿದರಾಯಿತು. 1 ಮಿಲಿಆಂಪ್ ಹರಿಸಿದರೆ ಬರುವುದು 0.0385. ಇನ್ನು R. ಕಲೆಕ್ಟರಿಗೆ 1 ಕಿಲೋಓಮ್ ರೆಸಿಸ್ಟರ್ ಇದೆ. ಸುರುಳಿಯ ತಂತಿಯಲ್ಲೂ ಸೋರಿಕೆ ಉಂಟು. ಅದರ ಗುಣಾಂಕ 50 ಎಂದಿಟ್ಟುಕೊಂಡರೆ ಆ ಸೋರಿಕೆ ಕಲೆಕ್ಟರಿಗೆ ಸುಮಾರು 6.4 ಕಿಲೋಓಮ್‌ನಂತೆ ಕಾಣುತ್ತದೆ. ಎರಡೂ ಸೇರಿ R ಸುಮಾರು 865 ಓಮ್. ಗೇನ್ 33. ಬೇಕಿದ್ದದ್ದು 10. ಮೂರು ಪಟ್ಟಿಗೂ ಹೆಚ್ಚು ಇರುವುದರಿಂದ ಸ್ವಿಚ್ ಹಾಕಿದ ಕೂಡಲೇ ಸರ್ಕೀಟು ಮಿಡಿಯಲು ತೊಡಗುತ್ತದೆ.

C2 ಜಾಗದಲ್ಲಿ 47 ಬಂದಾಗ ಬೇಕಾದ ಗೇನ್ 47 ಆಗುತ್ತದೆ. ಟ್ರಾನ್ಸಿಸ್ಟರಿನ ಬಳಿ ಇರುವುದು ಆಗಲೂ 34ರಷ್ಟೇ. ಸರ್ಕೀಟು ಬಾಯಿ ಮುಚ್ಚಿದ್ದು ಅದಕ್ಕೇ. ಕರೆಂಟನ್ನು 2 ಮಿಲಿಆಂಪ್‌ಗೆ ಏರಿಸಿದರೆ gm ಇಮ್ಮಡಿಯಾಗಿ ಗೇನ್ 67 ದಾಟುತ್ತದೆ, ಮತ್ತೆ ಅಲೆ ಹುಟ್ಟುತ್ತದೆ.

ಹಾಗಾದರೆ ಅನುಪಾತವನ್ನು ಒಂದಕ್ಕೊಂದು ಇಟ್ಟು ನಿಶ್ಚಿಂತೆಯಿಂದ ಇರಬಹುದಲ್ಲ ಎನಿಸಬಹುದು. ಎರಡಕ್ಕೂ 1.8 ನ್ಯಾನೋಫ್ಯಾರಡ್ ಹಾಕಿದರೆ ಕಂಪನಾಂಕ ಹೆಚ್ಚುಕಡಿಮೆ ಅದೇ, ಬೇಕಾದ ಗೇನ್ ಕೇವಲ 1. ಆದರೆ ಆಗ ಬೇಸ್ ಎಳೆದುಕೊಳ್ಳುವ ಕರೆಂಟಿನ ಭಾರವೆಲ್ಲ ಸುರುಳಿಯ ಮೇಲೆ ನೇರ ಬೀಳುತ್ತದೆ. ಬೇಸಿನ ಒಳ ರೆಸಿಸ್ಟೆನ್ಸ್ ಸುಮಾರು 5 ಕಿಲೋಓಮ್. ಒಂದಕ್ಕೆ ಹತ್ತರ ಅನುಪಾತದಲ್ಲಿ ಅದು ಕಲೆಕ್ಟರಿಗೆ ನೂರು ಪಟ್ಟು ಹಿಗ್ಗಿ 500 ಕಿಲೋಓಮ್‌ನಂತೆ ಕಾಣುತ್ತದೆ, ಅಂದರೆ ಭಾರವೇ ಇಲ್ಲ. ಸಮ ಅನುಪಾತದಲ್ಲಿ 5 ಕಿಲೋಓಮ್ 5 ಆಗಿಯೇ ಉಳಿಯುತ್ತದೆ. ಅದಕ್ಕೂ ಮಿಗಿಲಾಗಿ, ಗೇನ್ ಬೇಕಾದುದಕ್ಕಿಂತ ಇಪ್ಪತ್ತು ಪಟ್ಟು ಮೀರಿದಾಗ ಟ್ರಾನ್ಸಿಸ್ಟರ್ ಅಲೆಯ ಪ್ರತಿ ಸುತ್ತಿನಲ್ಲೂ ಬಹುಪಾಲು ಹೊತ್ತು ಮುಚ್ಚಿಕೊಂಡು, ಚುಟುಕು ಹೊಡೆತಗಳಲ್ಲಿ ಮಾತ್ರ ತೆರೆಯುತ್ತದೆ. ಅಲೆಯ ಆಕಾರ ಕೆಡುತ್ತದೆ. ಕೆಲವೊಮ್ಮೆ ಅಲೆ ಬಿಟ್ಟು ಬಿಟ್ಟು ಬರುತ್ತದೆ.

ಹೆಚ್ಚುವರಿ ಗೇನ್ ಸ್ವಲ್ಪ ಬೇಕೇ ಬೇಕು, ಏಕೆಂದರೆ ಅಲೆ ಬೆಳೆಯುವುದು ಅದರಿಂದಲೇ. ಬೆಳೆದಂತೆ ಟ್ರಾನ್ಸಿಸ್ಟರಿನ ಸರಾಸರಿ ಬಲ ತಾನಾಗಿ ತಗ್ಗುತ್ತದೆ, ಗೇನ್ ಕರಾರುವಾಕ್ಕಾಗಿ C2/C1ಕ್ಕೆ ಇಳಿದಾಗ ಬೆಳವಣಿಗೆ ನಿಲ್ಲುತ್ತದೆ. ನಮ್ಮ ಸರ್ಕೀಟಿನಲ್ಲಿ ಅದು ಕಲೆಕ್ಟರಿನಲ್ಲಿ ಸುಮಾರು ಒಂದೂವರೆ ವೋಲ್ಟ್ ಎತ್ತರದ ಅಲೆಯಾಗಿ ನೆಲೆ ನಿಲ್ಲುತ್ತದೆ.

ಕಟ್ಟುವವರಿಗೆ ಎರಡು ಮಾತು. ಲೆಕ್ಕ ಸರಿಯಿದ್ದೂ ಅಲೆ ಹುಟ್ಟದಿದ್ದರೆ ಮೊದಲು ಎಮಿಟರ್ ರೆಸಿಸ್ಟರಿಗೆ ಅಡ್ಡಲಾಗಿ ಹಾಕುವ ಬೈಪಾಸ್ ಕೆಪಾಸಿಟರ್ ಇದೆಯೇ ನೋಡಿ. ಅದಿಲ್ಲದೆ ಗೇನ್ 33ರಿಂದ ಒಂದರ ಆಸುಪಾಸಿಗೆ ಕುಸಿಯುತ್ತದೆ. ಮತ್ತೆ, C1 ಮತ್ತು C2ಗೆ NP0 ಅಥವಾ C0G ಎಂದು ಗುರುತಿರುವ ಸೆರಾಮಿಕ್ ಕೆಪಾಸಿಟರನ್ನೇ ಕೇಳಿ ತನ್ನಿ. ಬೇರೆ ಜಾತಿಯವು ಬಿಸಿಲೇರಿದಂತೆ ಬೆಲೆ ಬದಲಿಸುತ್ತವೆ, ಬೆಳಿಗ್ಗೆ ಸಿಕ್ಕ ಕಂಪನಾಂಕ ಮಧ್ಯಾಹ್ನಕ್ಕೆ ಅಲ್ಲಿರುವುದಿಲ್ಲ.